ಪಾಲಿಸಿ ಮುಗಿದು 80 ದಿನ: ಇನ್ಸ್‌ಪೆಕ್ಷನ್ ಹೇಗೆ, 50% ಬೋನಸ್ ಉಳಿಯುತ್ತಾ?

ಕೇಳಿದವರು, ಮಂಡ್ಯ
ಯಜಮಾನರು ಕೆಲಸದ ಮೇಲೆ ದೂರದ ಊರಲ್ಲಿದ್ದಾರೆ. ಕಾರು ಶೆಡ್‌ನಲ್ಲೇ ನಿಂತಿದೆ. ಇನ್ಶೂರೆನ್ಸ್ ಮುಗಿದು 80 ದಿನ ಆಯ್ತು. ಕ್ಲೈಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ಬೋನಸ್ 50% ಇತ್ತು. ಈಗ ಕಟ್ಟೋಕೆ ಹೋದರೆ ಗಾಡಿ ಇನ್ಸ್‌ಪೆಕ್ಷನ್ ಆಗಬೇಕು ಅಂತಾರೆ. ಅದಕ್ಕೆ ಮೈಸೂರಿಗೆ ಓಡಿಸಿಕೊಂಡು ಹೋಗಬೇಕಾ? ಬೋನಸ್ ಹೋಯ್ತಾ? ಅನುಭವ ಇದ್ದವರು ಹೇಳಿ.

ಬೋಗಾದಿ, ಮೈಸೂರು
ಗಾಬರಿ ಬೇಡ ಮೇಡಂ. 90 ದಿನ ಟೈಮ್ ಇರುತ್ತೆ, ಬೋನಸ್ ಎಲ್ಲೂ ಹೋಗಲ್ಲ. ಅದು ಗ್ರೇಸ್ ಪೀರಿಯಡ್. ಅಷ್ಟರೊಳಗೆ ಅಗತ್ಯ ಬಿದ್ದರೆ ಆರಾಮಾಗಿ ಓಡಿಸಬಹುದು.

ನಿವೃತ್ತ ಸರ್ವೇಯರ್, ಸರಸ್ವತೀಪುರಂ
ಬೋಗಾದಿಯವರ ಮಾತಲ್ಲಿ ಅರ್ಧ ಸರಿ, ಅರ್ಧ ಅಪಾಯ. 90 ದಿನ ಇರುವುದು ಬೋನಸ್‌ಗೆ ಮಾತ್ರ. ಗಾಡಿಗೆ ಒಂದು ಗಂಟೆಯ ರಕ್ಷಣೆಯೂ ಇಲ್ಲ. ಪಾಲಿಸಿಯಲ್ಲಿ ಬರೆದ ದಿನದ ಮಧ್ಯರಾತ್ರಿಗೆ ಎಲ್ಲ ಮುಗಿಯಿತು. ಕಾನೂನೇ ಹಾಗಿದೆ, ಪ್ರೀಮಿಯಂ ಕೈಗೆ ಬರುವ ತನಕ ಕಂಪನಿ ಯಾವ ಹೊಣೆಯನ್ನೂ ಹೊರುವ ಹಾಗಿಲ್ಲ.

ಆದ್ದರಿಂದ ಕಾರನ್ನು ದಯವಿಟ್ಟು ಶೆಡ್‌ನಿಂದ ತೆಗೆಯಬೇಡಿ. ಇನ್ಸ್‌ಪೆಕ್ಷನ್‌ಗೆ ಅಂತ ಮೈಸೂರಿಗೆ ಹೊರಟರೂ ಅದು ಇನ್ಶೂರೆನ್ಸ್ ಇಲ್ಲದ ಓಡಾಟವೇ. ಪೊಲೀಸರು ಹಿಡಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿದರೆ 4,000. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಆದರೆ ನನಗೆ ದಂಡದ ಚಿಂತೆಯಲ್ಲ. ಕಬ್ಬಿನ ಸೀಸನ್‌ನಲ್ಲಿ ಮದ್ದೂರು, ಪಾಂಡವಪುರದ ಕಡೆ ರಾತ್ರಿ ಹೊತ್ತು ಹಿಂದೆ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಸ್ತೆ ಬದಿ ನಿಂತಿರುತ್ತವೆ. ಅದನ್ನು ತಪ್ಪಿಸಲು ಹೋಗಿ ಬೈಕಿನವರಿಗೆ ತಗುಲಿತು ಅಂತಿಟ್ಟುಕೊಳ್ಳಿ. ಪಾಲಿಸಿ ಇದ್ದರೆ ಟ್ರಿಬ್ಯೂನಲ್ ಹೇಳಿದ ಪರಿಹಾರವನ್ನು ಕಂಪನಿ ಕಟ್ಟುತ್ತದೆ. ಇಲ್ಲದಿದ್ದರೆ ಆರ್‌ಸಿಯಲ್ಲಿ ಹೆಸರಿರುವವರು ಕಟ್ಟಬೇಕು. ಓಡಿಸಿದವರು ತಮ್ಮನೋ ಡ್ರೈವರೋ ಆಗಿದ್ದರೂ ಮಾಲೀಕರಿಗೆ ಬಿಡುಗಡೆ ಇಲ್ಲ. ದುಡಿಯುವ ವಯಸ್ಸಿನವರ ಪ್ರಾಣ ಹೋದ ಕೇಸುಗಳಲ್ಲಿ ಮೊತ್ತ ಲಕ್ಷಗಳಲ್ಲಿ ಬರುತ್ತದೆ, ಕಟ್ಟದಿದ್ದರೆ ಆಸ್ತಿ ಜಪ್ತಿಯಾಗುತ್ತದೆ. ಅಂಥ ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಇನ್ಸ್‌ಪೆಕ್ಷನ್. ಸರ್ವೇಯರ್ ಮನೆಗೇ ಬರುತ್ತಾರೆ, ಇಲ್ಲವೇ ಕಂಪನಿ ಕಳಿಸುವ ಲಿಂಕ್‌ನಲ್ಲಿ ನೀವೇ ಮೊಬೈಲಲ್ಲಿ ವಿಡಿಯೊ ಮಾಡಬಹುದು. ಇವತ್ತೇ ಕೇಳಿ. ನಿಮಗೆ ಉಳಿದಿರುವುದು ಹತ್ತು ದಿನ. ಆ ಲೆಕ್ಕ ಇನ್ಸ್‌ಪೆಕ್ಷನ್‌ಗೆ ಅರ್ಜಿ ಹಾಕಿದ ದಿನಕ್ಕೆ ನಿಲ್ಲುವುದಿಲ್ಲ, ಹೊಸ ಪಾಲಿಸಿ ಕೈಗೆ ಬರಬೇಕು. ಒಪ್ಪಿಗೆ ಬಂದ ಮೇಲೆ ದುಡ್ಡು ಕಟ್ಟಲು ಕೊಡುವ ಗಡುವೂ ಚಿಕ್ಕದು. ಅದು ಮೀರಿದರೆ ಮತ್ತೆ ಮೊದಲಿಂದ ವಿಡಿಯೊ.

ಗ್ಯಾರೇಜಿನವರು, ಮದ್ದೂರು
ಅಕ್ಕ, ಒಂದು ಮಾತು. 80 ದಿನ ನಿಂತ ಕಾರಿನ ಬ್ಯಾಟರಿ ಇಳಿದಿರುತ್ತೆ. ವಿಡಿಯೊದಲ್ಲಿ ಕಿಲೋಮೀಟರ್ ಮೀಟರ್ ಕಾಣಬೇಕು, ಇಂಜಿನ್ ಸ್ಟಾರ್ಟ್ ಮಾಡಿ ತೋರಿಸಿ ಅಂತಲೂ ಕೇಳ್ತಾರೆ. ಕೀ ತಿರುಗಿಸಿದರೆ ಡಿಸ್‌ಪ್ಲೇನೇ ಬರಲ್ಲ, ಅಲ್ಲೇ ಒಂದು ದಿನ ಹೋಗುತ್ತೆ. ಹತ್ತಿರದ ಮೆಕ್ಯಾನಿಕ್‌ನ ಮನೆಗೇ ಕರೆಸಿ ಇನ್ನೊಂದು ಬ್ಯಾಟರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿ.

ಜಾಸ್ತಿ ರಿಜೆಕ್ಟ್ ಆಗೋದು ಚಾಸಿ ನಂಬರ್ ಹತ್ತಿರ. ಕೆಲವು ಗಾಡಿಗೆ ಬಾನೆಟ್ ಒಳಗೆ ಗೋಡೆ ಮೇಲೆ ಕೊರೆದಿರುತ್ತೆ, ಕೆಲವಕ್ಕೆ ಮುಂದಿನ ಸೀಟಿನ ಹತ್ತಿರ ಕಾರ್ಪೆಟ್ ಕೆಳಗೆ. ಧೂಳು, ಎಣ್ಣೆ ಕೂತಿರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ನೇರ ಬಿಡದೆ ಪಕ್ಕದಿಂದ ಬಿಡಿ. ಆಗ ಅಕ್ಷರದ ನೆರಳು ಬಿದ್ದು ಚೆನ್ನಾಗಿ ಕಾಣುತ್ತೆ. ವಿಡಿಯೊ ಬೆಳಗಿನ ಬೆಳಕಲ್ಲಿ ಮಾಡಿ. ಗಾಡಿ ಸುತ್ತ ನಿಧಾನಕ್ಕೆ ಒಂದು ಸುತ್ತು ಬನ್ನಿ, ನಡುವೆ ನಿಲ್ಲಿಸಬೇಡಿ.

ಶ್ರೀರಂಗಪಟ್ಟಣ
ನನ್ನ ಸ್ಕೂಟರ್‌ದು ಮುಗಿದು ವರ್ಷದ ಮೇಲಾಯ್ತು. ಆದರೂ ಪೊಲೀಸರು ನಂಬರ್ ಹಾಕಿ ನೋಡಿ ಇನ್ಶೂರೆನ್ಸ್ ಇದೆ ಅಂತ ಬಿಟ್ಟರು! ಬೋನಸ್ ಗೀನಸ್ ಯಾರೂ ಕೇಳಲೇ ಇಲ್ಲ. ಕಾರಿಗೂ ಸುಮ್ನೆ ಓಡಿಸಿ.

ನಿವೃತ್ತ ಸರ್ವೇಯರ್, ಸರಸ್ವತೀಪುರಂ
ನಿಮ್ಮ ಸ್ಕೂಟರ್ 2018ರ ಸೆಪ್ಟೆಂಬರ್ ನಂತರ ಹೊಸದಾಗಿ ಕೊಂಡಿದ್ದಿರಬೇಕು. ಅವಕ್ಕೆ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗೆ ಆದ ಹಾನಿಯ ಭಾಗ, ಐದು ವರ್ಷಕ್ಕೆ ಒಟ್ಟಿಗೇ ಬರುತ್ತೆ, ಕಾರಿಗಾದರೆ ಮೂರು ವರ್ಷ. ನಿಮ್ಮದರಲ್ಲಿ ಮುಗಿದಿರುವುದು ಸ್ವಂತ ಗಾಡಿಯ ಹಾನಿಯ ಭಾಗ. ಕಳುವಾದರೆ ನಿಮಗೆ ಬಿಡಿಗಾಸೂ ಬರಲ್ಲ.

ಮಂಡ್ಯದವರೇ, ನೀವೂ ಹಳೇ ಪಾಲಿಸಿ ತೆಗೆದು ನೋಡಿ. ಎರಡು ಭಾಗಕ್ಕೂ ಬೇರೆ ಬೇರೆ ಕೊನೆಯ ದಿನಾಂಕ ಇದ್ದರೂ ಇರಬಹುದು.

ಬೋಗಾದಿ, ಮೈಸೂರು
ಓಡಿಸಬಹುದು ಅಂದಿದ್ದು ವಾಪಸ್ ತಗೊಂಡೆ. ಆದರೆ ಇಷ್ಟೆಲ್ಲ ತಲೆನೋವು ಯಾಕೆ? ಥರ್ಡ್ ಪಾರ್ಟಿ ಮಾತ್ರ ಆನ್‌ಲೈನಲ್ಲಿ ತಗೊಳ್ಳಲಿ. ಅದಕ್ಕೆ ಸಾಮಾನ್ಯವಾಗಿ ಇನ್ಸ್‌ಪೆಕ್ಷನ್ ಕೇಳಲ್ಲ. ಉಳಿದದ್ದು ಆಮೇಲೆ ನಿಧಾನವಾಗಿ ಮಾಡಿಸಬಹುದಲ್ವಾ?

ನಿವೃತ್ತ ಸರ್ವೇಯರ್, ಸರಸ್ವತೀಪುರಂ
ಅದು ಆಗುತ್ತೆ, ತುರ್ತಾಗಿ ಗಾಡಿ ತೆಗೆಯಲೇಬೇಕು ಅಂದರೆ ಒಳ್ಳೆಯ ದಾರಿಯೇ. ಆದರೆ ಬೋನಸ್ ಸಿಗುವುದು ಸ್ವಂತ ಹಾನಿಯ ಪ್ರೀಮಿಯಂ ಮೇಲೆ. 'ನಿಧಾನವಾಗಿ' ಅಂತ 90 ದಿನ ದಾಟಿದರೆ 50% ನೇರ ಸೊನ್ನೆಗೆ ಬರುತ್ತದೆ. ಆ ಭಾಗದ ಪ್ರೀಮಿಯಂ 8,000 ಅಂದುಕೊಳ್ಳಿ. ಈ ವರ್ಷ 4,000 ಬದಲು ಪೂರ್ತಿ 8,000 ಕಟ್ಟಬೇಕು. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಕ್ಲೈಮ್ ಮಾಡದೇ ಇದ್ದರೂ ಮುಂದಿನ ವರ್ಷ ಸಿಗೋದು 20%, ಆಮೇಲೆ 25, 35, 45. ಮತ್ತೆ 50 ಮುಟ್ಟುವಷ್ಟರಲ್ಲಿ ಪ್ರತಿ ವರ್ಷ ಕಳೆದುಕೊಂಡದ್ದು 50, 30, 25, 15, 5. ಎಲ್ಲ ಕೂಡಿಸಿದರೆ ಸುಮಾರು 10,000 ರೂಪಾಯಿ, ಜಿಎಸ್‌ಟಿ ಬೇರೆ. ಗಾಡಿಗೆ ವಯಸ್ಸಾದ ಹಾಗೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಮ್ಮಿಯಾಗಬಹುದು.

ಹಾಗಂತ ಬೋನಸ್ ಹೋಗಿದ್ದರೂ ಅರ್ಜಿಯಲ್ಲಿ ಇದೆ ಅಂತ ಟಿಕ್ ಮಾಡಬೇಡಿ. ಹೊಸ ಕಂಪನಿ ಹಳೇ ಕಂಪನಿಯನ್ನು ಕೇಳಿ ಖಚಿತ ಮಾಡಿಕೊಳ್ಳುತ್ತದೆ. ಸುಳ್ಳು ಗೊತ್ತಾದರೆ ಕ್ಲೈಮ್ ಸಮಯದಲ್ಲಿ ಏಟು ಬೀಳುತ್ತದೆ.

ಕೇಳಿದವರು, ಮಂಡ್ಯ
ಎಲ್ಲರಿಗೂ ಧನ್ಯವಾದ. ಹಳೇ ಪಾಲಿಸಿ ನೋಡಿದೆ, ಎರಡೂ ಒಂದೇ ದಿನ ಮುಗಿದಿವೆ. ನಾಳೆ ಬೆಳಿಗ್ಗೆ ಮೆಕ್ಯಾನಿಕ್ ಬರ್ತಾರೆ. ಮುಂದಿನ ಗಾಜಿನಲ್ಲಿ ಕಲ್ಲು ಸಿಡಿದು ಆದ ಸಣ್ಣ ಬಿರುಕು ಇದೆ, ಬಂಪರ್ ಗೀರಿದೆ. ತೋರಿಸಲೇಬೇಕಾ? ಮೊದಲು ಜೀರೋ ಡೆಪ್ ಇತ್ತು, ಬಿಡಿಭಾಗದ ಸವಕಳಿ ಕಳೆಯದೆ ಕ್ಲೈಮ್ ಕೊಡೋದು. ಅದನ್ನ ಮತ್ತೆ ಕೊಡ್ತಾರಾ?

ಗ್ಯಾರೇಜಿನವರು, ಮದ್ದೂರು
ತೋರಿಸಿ ಅಕ್ಕ. ಬಂಪರ್ ಗೀರು ಬರ್ಕೊಳ್ತಾರೆ, ಮುಂದೆ ಆ ಭಾಗಕ್ಕೆ ಕ್ಲೈಮ್ ಹಾಕಿದರೆ ಹಳೇ ಡ್ಯಾಮೇಜ್ ಅಂತ ಕಳೀತಾರೆ ಅಷ್ಟೇ. ಗಾಜಿಗೆ ಮಾತ್ರ ಕಂಪನಿಗೊಂದು ರೂಲ್ಸ್. ಕೆಲವರು ಗಾಜು ಬಿಟ್ಟು ಉಳಿದದ್ದಕ್ಕೆ ಕೊಡ್ತಾರೆ, ಕೆಲವರು ಬದಲಾಯಿಸಿಕೊಂಡು ಬನ್ನಿ ಅಂತಾರೆ.

ನಿವೃತ್ತ ಸರ್ವೇಯರ್, ಸರಸ್ವತೀಪುರಂ
ಗಾಜಿನ ವಿಷಯವನ್ನು ವಿಡಿಯೊಗೆ ಮುಂಚೆಯೇ ಫೋನಲ್ಲಿ ಕೇಳಿ. ಬದಲಾಯಿಸಿ ಅಂದರೆ ಗಾಜಿನವರನ್ನು ಮನೆಗೇ ಕರೆಸಬೇಕಾಗುತ್ತೆ, ಅದಕ್ಕೂ ದಿನ ಬೇಕು. ಜೀರೋ ಡೆಪ್ ಅನ್ನು ಗ್ಯಾಪ್ ಆದ ಗಾಡಿಗೆ ಎಷ್ಟೋ ಕಂಪನಿಗಳು ಕೊಡುವುದಿಲ್ಲ. ಅದಕ್ಕಾಗಿ ನಾಲ್ಕು ಕಡೆ ವಿಚಾರಿಸುತ್ತಾ ಕೂತು ಹತ್ತು ದಿನ ಕಳೆಯಬೇಡಿ.

ಬೋಗಾದಿ, ಮೈಸೂರು
ನಮ್ಮ ಭಾವನ ಕಾರಿಗೆ ಗ್ಯಾಪ್ ಆದ ಮೇಲೂ ಜೀರೋ ಡೆಪ್ ಸಿಕ್ಕಿತ್ತು ಸರ್. ಎಷ್ಟು ದಿನದ ಗ್ಯಾಪ್ ಅಂತ ಕೇಳಿ ರಾತ್ರಿ ತಿಳಿಸ್ತೀನಿ. ಮೇಡಂ, ನೀವು ಕಾಯಬೇಡಿ, ವಿಡಿಯೊ ಮುಗಿಸಿ.