ರಾತ್ರಿ 11ಕ್ಕೆ ಹಾಲ್ ಬಿಡಬೇಕು ಅಂದರೆ ಊಟ ಎಷ್ಟಕ್ಕೆ?

ಪ್ರಶ್ನೆ: ತಂಗಿಯ ರಿಸೆಪ್ಷನ್‌ಗೆ ಸುಮಾರು 400 ಜನ ಬರುತ್ತಾರೆ. ಸೀಸನ್ ಆದ್ದರಿಂದ ನಮ್ಮ ಡೇಟ್‌ಗೆ ಒಂದೇ ಹಾಲ್ ಖಾಲಿ ಇದೆ. ಹೊರಗಿನ ಕೇಟರರ್ ತರಬಹುದಂತೆ. ರಾತ್ರಿ 11ಕ್ಕೆ ಕ್ಲೋಸ್. ನಾಳೆಯೇ ಅಡ್ವಾನ್ಸ್ ಕೇಳುತ್ತಿದ್ದಾರೆ. ಅದಕ್ಕೂ ಮೊದಲು ಏನು ವಿಚಾರಿಸಲಿ?

ಹಾಲ್ ಮ್ಯಾನೇಜರ್: 11ಕ್ಕೆ ಮ್ಯೂಸಿಕ್ ನಿಲ್ಲಿಸಬೇಕೋ, ಅಥವಾ ಪಾತ್ರೆ ಸಮೇತ ಎಲ್ಲ ಖಾಲಿ ಮಾಡಿ ಬೀಗ ಕೊಡಬೇಕೋ? ಮೊದಲು ಇದನ್ನು ಕೇಳಿ. ಜಗಳ ಜಾಸ್ತಿ ಆಗುವುದೇ ಇಲ್ಲಿ. ಊಟದ ಹಾಲ್‌ನಲ್ಲಿ ಎಷ್ಟು ಸೀಟ್ ಇದೆ ಮೇಡಂ?

ಪ್ರಶ್ನೆ ಕೇಳಿದವರು: 150 ಸರ್. 11ಕ್ಕೆ ಬೀಗ ಕೊಡಬೇಕಂತೆ, ಈಗಷ್ಟೇ ಫೋನ್ ಮಾಡಿ ಕೇಳಿದೆ.

ಹಾಲ್ ಮ್ಯಾನೇಜರ್: ಹಾಗಾದರೆ ಹಿಂದಿನಿಂದ ಲೆಕ್ಕ ಹಾಕಿ. ಕೇಟರರ್‌ಗೆ ತೊಳೆದು, ಗಾಡಿಗೆ ತುಂಬಲು ಒಂದೂವರೆ ಗಂಟೆ ಬೇಕು. ಅಂದರೆ ಕೊನೆಯ ಪಂಕ್ತಿ 9.30ಕ್ಕೆ ಏಳಬೇಕು. 400 ಜನಕ್ಕೆ ಮೂರು ಪಂಕ್ತಿ. ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಮೊದಲ ಪಂಕ್ತಿ 7.15ಕ್ಕೇ ಕೂರಬೇಕು. ಕಾರ್ಡ್‌ನಲ್ಲಿ 7 ಗಂಟೆ ಅಂತ ಹಾಕಿಸಿದರೆ ಆ ಹೊತ್ತಿಗೆ ಅರ್ಧ ಜನವೂ ಬಂದಿರುವುದಿಲ್ಲ. 6 ಅಂತ ಹಾಕಿಸಿ.

ಹೊರಗಿನ ಕೇಟರರ್ ಬಿಡುತ್ತೇವೆ ಅನ್ನುವ ಹಾಲ್‌ಗಳಲ್ಲೂ ಅಡುಗೆಮನೆಗೆ ಬೇರೆ ಚಾರ್ಜ್ ಇರಬಹುದು. ಗ್ಯಾಸ್ ಯಾರದು, ಕಸ ಯಾರು ಸಾಗಿಸಬೇಕು ಅಂತ ಬರೆಸಿಕೊಳ್ಳಿ. ಕಸ ಬಿಟ್ಟು ಹೋದರೆ ನಾವು ಡೆಪಾಸಿಟ್‌ನಲ್ಲಿ ಹಿಡಿಯುತ್ತೇವೆ. ಕೇಟರರ್ ಮಾಡಿದ ತಪ್ಪಿಗೆ ದುಡ್ಡು ಹೋಗುವುದು ನಿಮ್ಮದು.

ಒಬ್ಬ ಸದಸ್ಯರು: ಅಷ್ಟೆಲ್ಲ ಯಾಕೆ? ಅಡ್ವಾನ್ಸ್ ಕೊಟ್ಟು ಡೇಟ್ ಹಿಡಿಯಿರಿ. ಸರಿಹೋಗದಿದ್ದರೆ ವಾಪಸ್ ತೆಗೆದುಕೊಂಡರಾಯಿತು.

ಹಾಲ್ ಮ್ಯಾನೇಜರ್: ಡೇಟ್ ಬೇಗ ಹಿಡಿಯಬೇಕು, ಅದು ನಿಜ. ವಾಪಸ್ ಸಿಗುತ್ತದಾ ಅನ್ನುವುದು ಮಾತ್ರ ರಸೀದಿಯಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ. ಬೇರೆಯವರು ಅದೇ ಡೇಟ್ ತೆಗೆದುಕೊಂಡರೆ ಮಾತ್ರ ಕೊಡುತ್ತೇವೆ ಅನ್ನುವವರೂ ಇದ್ದಾರೆ.

ಇನ್ನೊಬ್ಬರು: ನಮಗೆ 60 ಕಾರ್ ನಿಲ್ಲುತ್ತದೆ ಅಂದಿದ್ದರು. ಹೋಗಿ ನೋಡಿದರೆ ಮೇಲಿನ ಮಹಡಿಯಲ್ಲೂ ಅವತ್ತೇ ಮದುವೆ! ಇಬ್ಬರಿಗೂ ಸೇರಿ ಅದೇ 60. ನಮ್ಮ ಅತ್ತೆ ಎಷ್ಟೋ ದೂರದಿಂದ ನಡೆದು ಬಂದರು.

ಹಾಲ್ ಮ್ಯಾನೇಜರ್: ಒಳ್ಳೆಯ ಮಾತು ಹೇಳಿದಿರಿ. 400ರಲ್ಲಿ ಅರ್ಧ ಜನ ಕಾರಲ್ಲಿ ಮೂವರಂತೆ ಬಂದರೂ 67 ಕಾರ್ ಆಗುತ್ತದೆ. ಕೇಟರರ್ ಗಾಡಿ ಬೇರೆ. "ಅವತ್ತು ನಮಗೇ ಅಂತ ಎಷ್ಟು ಜಾಗ?" ಅಂತ ಕೇಳಿ. ಸಂಜೆ 7ರ ಹೊತ್ತಿಗೆ, ಬೇರೆ ಫಂಕ್ಷನ್ ಇದ್ದಾಗ ಒಮ್ಮೆ ಹೋಗಿ ನೋಡಿ.

ಮತ್ತೊಬ್ಬರು: 400 ಜನಕ್ಕೆ ಡೆಕೊರೇಷನ್ ನಾನೇ ಮಾಡಿಕೊಡುತ್ತೇನೆ ಅಕ್ಕಾ, ಫೋಟೋ ಕಳಿಸಲಾ?

ಪ್ರಶ್ನೆ ಕೇಳಿದವರು: ಡೆಕೊರೇಷನ್ ಆಮೇಲೆ ನೋಡೋಣ ಅಣ್ಣ. ಸರ್, ಹಿಂದಿನ ರಾತ್ರಿ ಅಲ್ಲಿ ಬೇರೆಯವರ ಬುಕಿಂಗ್ ಇದೆಯಂತೆ. ಬೆಳಗ್ಗೆ ಎಷ್ಟಕ್ಕೆ ಒಳಗೆ ಬಿಡುತ್ತಾರೆ ಅಂತ ಇನ್ನೂ ಹೇಳುತ್ತಿಲ್ಲ.

ಹಾಲ್ ಮ್ಯಾನೇಜರ್: ಆ ಸಮಯ ರಸೀದಿಯಲ್ಲಿ ಬರೆದು ಕೊಡುವವರೆಗೆ ಅಡ್ವಾನ್ಸ್ ಕೊಡಬೇಡಿ ಮೇಡಂ.