ಅಪ್‌ಡೇಟ್: ಡ್ರಿಪ್ ಟೈಮರ್ ನೀರು ಬಿಡದೇ ಇದ್ದದ್ದಕ್ಕೆ ಕಾರಣ ಸಿಕ್ತು

ನಾನು ಕೇಳಿದ್ದು: "ಆನೇಕಲ್ ಹತ್ರ ಸಣ್ಣ ತೋಟ. ರಾತ್ರಿ ಬೋರ್‌ವೆಲ್‌ನಿಂದ 2000 ಲೀಟರ್ ಟ್ಯಾಂಕ್ ತುಂಬಿಸ್ತೀವಿ, ಬೆಳಿಗ್ಗೆ 6ಕ್ಕೆ ಟ್ಯಾಂಕ್ ಖಾಲಿ, ಟೈಮರ್ ಆ ದಿನದ ಸರದಿ ಬಿಟ್ಟುಬಿಡುತ್ತೆ. ಯಾಕೆ?"

ಟೈಮರ್ ಸರಿಯಾಗೇ ಇತ್ತು. ಟ್ಯಾಂಕ್ ಖಾಲಿಯಾಗಿ ಫ್ಲೋಟ್ ಸ್ವಿಚ್ ಕೆಳಗಿಳಿದಿದ್ರೆ ಅದು ಸರದಿ ಬಿಡಲೇಬೇಕು, ಇಲ್ದಿದ್ರೆ ಡ್ರಿಪ್ ಪಂಪ್ ಒಣಗಿ ಓಡಿ ಸುಟ್ಟುಹೋಗುತ್ತೆ. ಹಾಗಾಗಿ ಬ್ಯಾಟರಿ ಬದಲಿಸಿದ್ದರಿಂದ, ಹೊಸ ಫ್ಲೋಟ್ ಹಾಕಿದ್ದರಿಂದ ಏನೂ ಆಗಲಿಲ್ಲ.

ಉಪಯೋಗಕ್ಕೆ ಬಂದಿದ್ದು "ರಾತ್ರಿ ಇನ್‌ಲೆಟ್ ಗೇಟ್ ವಾಲ್ವ್ ಮುಚ್ಚಿ ನೋಡಿ" ಅಂದವರ ಸಲಹೆ. ರಾತ್ರಿ ಟ್ಯಾಂಕ್ ತುಂಬಿದ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ವಾಲ್ವ್ ಮುಚ್ಚಿದೆ, ಬೆಳಿಗ್ಗೆ ನೀರು ಗೆರೆಯಲ್ಲೇ ಇತ್ತು. ಅಂದ್ರೆ ಸೋರಿಕೆ ಟ್ಯಾಂಕಿನದ್ದಲ್ಲ, ನೀರು ಬಂದ ದಾರೀಲೇ ಬೋರ್‌ಗೆ ವಾಪಸ್ ಹೋಗ್ತಿತ್ತು! ನೀರನ್ನ ಹಿಂದಕ್ಕೆ ಬಿಡದೆ ತಡೀಬೇಕಾದ ನಾನ್ ರಿಟರ್ನ್ ವಾಲ್ವ್ ಬಿಚ್ಚಿದಾಗ ಮುಚ್ಚಳದ ಕೆಳಗೆ ಮರಳು ಸಿಕ್ಕಿಕೊಂಡಿತ್ತು, ರಬ್ಬರ್ ಸವೆದು ಕಚ್ಚು ಬಿದ್ದಿತ್ತು. ನಮ್ಮ ಇನ್‌ಲೆಟ್ ಟ್ಯಾಂಕಿನ ತಳದಲ್ಲಿರೋದ್ರಿಂದ ಪೂರ್ತಿ ಇಳಿದುಹೋಗ್ತಿತ್ತು.

ಹೊಸ ವಾಲ್ವ್ ಹಾಕಿಸಿ, ಇನ್‌ಲೆಟ್ ಪೈಪನ್ನ ಟ್ಯಾಂಕಿನ ಮೇಲಿಂದ, ಬಾಯಿ ನೀರಿಗೆ ತಾಗದ ಹಾಗೆ ಬಿಟ್ಟೆವು. ಈಗ ವಾಲ್ವ್ ಮತ್ತೆ ಕೆಟ್ಟರೂ ಟ್ಯಾಂಕ್ ನೀರು ಹಿಂದಕ್ಕೆ ಹೋಗಲ್ಲ.

ಇನ್ನೊಂದು: ಗಂಟೆಗೆ 4 ಲೀಟರ್ ಬಿಡೋ 400 ಡ್ರಿಪ್ಪರ್ ಸೇರಿ ಗಂಟೆಗೆ 1600 ಲೀಟರ್ ಕುಡಿಯುತ್ತವೆ. ಟ್ಯಾಂಕ್ 2000 ಲೀಟರಿನದ್ದಾದ್ರೆ ಸರದಿ ಒಂದು ಗಂಟೆ ದಾಟಿಸಬೇಡಿ.