ಓದುಗರ ಸ್ಪಂದನ: ಕಾಲು ತೊಳೆದರೂ ಹೋಗದ ಶೂ ವಾಸನೆ

ಸಮಸ್ಯೆ: ಮಗ ಒಂಬತ್ತನೇ ಕ್ಲಾಸು. ಬೆಳಗ್ಗೆ 8ಕ್ಕೆ ಶೂ ಹಾಕಿದರೆ ಬಿಚ್ಚುವುದು ಸಂಜೆ 6ಕ್ಕೆ. ಕಂಪ್ಯೂಟರ್ ಲ್ಯಾಬಿಗೆ ಹೋಗುವಾಗ ಶೂ ಹೊರಗೆ ಬಿಡಬೇಕು. ಅವನು ಬಿಚ್ಚಿದ ಕೂಡಲೇ ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರಂತೆ. ಈಗ ಲ್ಯಾಬ್ ಇರುವ ದಿನ ಹೊಟ್ಟೆನೋವು ಅನ್ನುತ್ತಾನೆ. ದಿನಾ ಸೋಪು ಹಾಕಿ ಕಾಲು ತೊಳೆಯುತ್ತಾನೆ, ಸಾಕ್ಸ್ ದಿನಾ ಒಗೆಯುತ್ತೇನೆ, ಶೂ ಒಳಗೆ ಪೌಡರ್ ಹಾಕುತ್ತೇನೆ. ಆದರೂ ಹೋಗುತ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ತೀರ್ಥಹಳ್ಳಿ

ಮೊದಲು ವಾಸನೆ ಎಲ್ಲಿದೆ ನೋಡಿ

ಅಮ್ಮಾ, ನಮ್ಮದು ಶೂ ಅಂಗಡಿ. ಜೂನ್ ಕಳೆದು ಮಳೆ ಹಿಡಿದ ಮೇಲೆ ಇದೇ ದೂರು ಹೇಳಿಕೊಂಡು ತಾಯಂದಿರು ಬರುತ್ತಾರೆ. ನೀವು ಕಾಲು ತೊಳೆಸಿದ್ದೀರಿ, ಸಾಕ್ಸ್ ಒಗೆದಿದ್ದೀರಿ. ಶೂ ಒಣಗಿಸಿದ ಮಾತು ಮಾತ್ರ ಪತ್ರದಲ್ಲಿ ಇಲ್ಲ.

ಭಾನುವಾರ ಬೆಳಗ್ಗೆ ಮೂರನ್ನೂ ಬೇರೆ ಬೇರೆ ಮೂಸಿ ನೋಡಿ. ಮಗನ ಕಾಲು ತೊಳೆದು, ಒರೆಸಿ, ಹತ್ತು ನಿಮಿಷ ಬಿಟ್ಟು ನೋಡಿ. ಒಗೆದ ಸಾಕ್ಸ್ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿ. ಹಬೆಯ ಜೊತೆ ಹುಳಿ ವಾಸನೆ ಎದ್ದರೆ ಒಗೆದದ್ದು ಸಾಲದು ಅಂತ ಅರ್ಥ. ಶೂ ಒಳಗಿನ ಅಟ್ಟೆಯನ್ನು ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅರ್ಧ ಗಂಟೆ ಬಿಸಿಲಿಗಿಟ್ಟು ಬಿಚ್ಚಿ ನೋಡಿ. ನಿಮ್ಮ ಮನೆಯಲ್ಲಿ ಕಳ್ಳ ಸಿಗುವುದು ಬಹುತೇಕ ಅಲ್ಲೇ.

ಲೆಕ್ಕ ಹಾಕಿ ನೋಡಿ. ಅವನು ಹತ್ತು ಗಂಟೆ ಹಾಕಿದ ಶೂಗೆ ಒಣಗಲು ಸಿಗುವುದು ಸಂಜೆ 6ರಿಂದ ಬೆಳಗ್ಗೆ 8ರವರೆಗೆ, ಹದಿನಾಲ್ಕು ಗಂಟೆ. ಅದೂ ಬಾಗಿಲು ಮುಚ್ಚಿದ ಸ್ಟ್ಯಾಂಡಿನಲ್ಲಿ, ಮಲೆನಾಡಿನ ಹವೆಯಲ್ಲಿ! ಸ್ಕೂಲ್ ಶೂ ಈಗ ಹೆಚ್ಚಾಗಿ ಸಿಂಥೆಟಿಕ್, ಮೈಯಿಂದ ಗಾಳಿ ಆಡುವುದಿಲ್ಲ. ಒಳಗಿನ ಸ್ಪಂಜು ಮಾತ್ರ ಬೆವರು ಕುಡಿಯುತ್ತಲೇ ಇರುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತೆ ಅನ್ನಿಸುತ್ತದೆ, ಅಡಿಯಲ್ಲಿ ಹಸಿ. ಮಾರನೇ ದಿನ ಕಾಲು ಬಿಸಿ ಮಾಡಿದ ತಕ್ಷಣ ಹಳೆ ವಾಸನೆ ಏಳುತ್ತದೆ.

ಅದಕ್ಕೆ ಎರಡು ಜೋಡಿ ಬೇಕು. ಒಂದು ದಿನ ಬಿಟ್ಟು ಒಂದು ದಿನ ಹಾಕಿದರೆ ಪ್ರತಿ ಜೋಡಿಗೂ ಮೂವತ್ತೆಂಟು ಗಂಟೆ ಬಿಡುವು ಸಿಗುತ್ತದೆ. ಇನ್ನೊಂದು ಜೋಡಿ ದುಡ್ಡಿನ ಮಾತು ಅಂದರೆ, ಶೂ ಒಂದೇ ಇರಲಿ, ಅಟ್ಟೆ ಮಾತ್ರ ಎರಡು ಜೋಡಿ ತೆಗೆದುಕೊಳ್ಳಿ. ಚಪ್ಪಲಿ ರಿಪೇರಿಯವರ ಹತ್ತಿರ ಬಿಡಿಯಾಗಿ ಸಿಗುತ್ತದೆ. ದಿನಾ ಸಂಜೆ ಅಟ್ಟೆ ಹೊರಗೆ, ಲೇಸು ಸಡಿಲ, ನಾಲಿಗೆ ಮೇಲಕ್ಕೆ ಎತ್ತಿ ಗಾಳಿಯಾಡುವ ಕಡೆ ಇಡಿ. ಶೂನಲ್ಲಿ ಬಂದ ಅಟ್ಟೆ ಅಂಟಿಸಿದ್ದರೆ ಕೀಳಬೇಡಿ, ಅದರ ಮೇಲೆ ತೆಳುವಾದ ಇನ್ನೊಂದು ಹಾಕಿ. ಶೂ ಬಿಗಿ ಆಗುತ್ತದಾ ಅಂತ ಮಾತ್ರ ನೋಡಿಕೊಳ್ಳಿ. ಬಿಗಿಯಾದರೆ ಬೆವರು ಇನ್ನೂ ಜಾಸ್ತಿ.

ಆ ಪೌಡರ್ ಶೂ ಒಳಗೆ ಸುರಿಯುವುದನ್ನು ನಿಲ್ಲಿಸಿ. ಬೆವರಿಗೆ ಕಲಸಿ ಪೇಸ್ಟಾಗಿ ಅಟ್ಟೆಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಅಟ್ಟೆ ಒಣಗುವುದು ಇನ್ನೂ ನಿಧಾನ.
– ಅಂಗಡಿ ಮಾಲೀಕರು, ಶಿವಮೊಗ್ಗ

ಬಚ್ಚಲೊಲೆ ಹತ್ತಿರ ಇಡಬೇಡಿ

ಅಕ್ಕಾ, ಜುಲೈನಲ್ಲಿ ನಮ್ಮ ಕಡೆ ಬಿಸಿಲು ಎಲ್ಲಿಂದ ತರುವುದು, ಅಲ್ವಾ? ಎಲ್ಲರೂ ಶೂ ತಂದು ಬಚ್ಚಲೊಲೆ ಮುಂದೆ ಇಡುತ್ತಾರೆ. ಅಂಟು ಬಿಟ್ಟು ಅಡಿ ಬಾಯಿ ತೆರೆಯುತ್ತದೆ. ಹಳೆ ಪೇಪರ್ ಉಂಡೆ ಮಾಡಿ ಶೂ ಒಳಗೆ ತುಂಬಿ. ಎರಡು ಗಂಟೆ ಬಿಟ್ಟು ಅದು ಒದ್ದೆಯಾಗಿರುತ್ತದೆ, ತೆಗೆದು ಬೇರೆ ತುಂಬಿ. ರಾತ್ರಿ ಮಲಗುವಾಗ ಪೇಪರ್ ತೆಗೆದು ಫ್ಯಾನ್ ಕೆಳಗೆ ಬಿಟ್ಟರೆ ಬೆಳಗ್ಗೆಗೆ ಎಷ್ಟೋ ವಾಸಿ. ಒದ್ದೆ ಪೇಪರ್ ಒಳಗೇ ಬಿಟ್ಟರೆ ಮಾತ್ರ ಸುಮ್ನೆ ಕೆಲಸ ದಂಡ.

ಸಾಕ್ಸ್ ಒಳಮೈ ಹೊರಗೆ ಮಾಡಿ ಒಗೆಯಿರಿ. ಚರ್ಮದ ಸಿಪ್ಪೆ ಇರುವುದು ಒಳಗೆ. ಹಂಡೆಯ ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ ಉಜ್ಜಿ. ತಣ್ಣೀರಲ್ಲಿ ಒಮ್ಮೆ ಹಿಂಡಿ ಹಾಕಿದರೆ ಬಣ್ಣ ಬೆಳ್ಳಗಾಗಬಹುದು, ವಾಸನೆ ಹೋಗುವುದಿಲ್ಲ. ಪೂರ್ತಿ ನೈಲಾನ್ ಸಾಕ್ಸ್ ಬಿಟ್ಟು ಹತ್ತಿ ಜಾಸ್ತಿ ಇರುವುದನ್ನು ತನ್ನಿ. ಹತ್ತಿ ಬೆವರು ಹೀರಿಕೊಳ್ಳುತ್ತದೆ, ಆದರೆ ಹಿಡಿದಿಟ್ಟುಕೊಳ್ಳುತ್ತದೆ ಕೂಡ. ಹಾಗಾಗಿ ಮಧ್ಯಾಹ್ನ ಬದಲಿಸಿದರಷ್ಟೇ ಪೂರ್ತಿ ಲಾಭ.

ಅಡುಗೆ ಸೋಡಾ ಬಗ್ಗೆಯೂ ಹೇಳುತ್ತೇನೆ. ರಾತ್ರಿ ಒಂದೊಂದು ಶೂಗೆ ಒಂದು ಚಮಚ ಉದುರಿಸಿ, ಬೆಳಗ್ಗೆ ಕೊಡವಿ. ವಾಸನೆ ತಗ್ಗುತ್ತದೆ. ಹಸಿ ಇರುವ ಶೂಗೆ ಅದೊಂದೇ ಸಾಲದು. ಕಾಲಿಗೆ ನೇರ ಹಚ್ಚಬೇಡಿ, ಕೆಲವರಿಗೆ ಉರಿ ಬರುತ್ತದೆ.
– ಗೃಹಿಣಿ, ಸಾಗರ

ಅಂಗಾಲು ತಿರುಗಿಸಿ ನೋಡಿ

ಮೇಲಿನ ಮಾತು ಒಪ್ಪುತ್ತೇನೆ. ಬೆವರಿಗೆ ಅಷ್ಟಾಗಿ ವಾಸನೆಯೇ ಇಲ್ಲ. ಚರ್ಮದ ಮೇಲಿರುವ ಬ್ಯಾಕ್ಟೀರಿಯಾ ಬೆವರನ್ನೂ ಸತ್ತ ಚರ್ಮವನ್ನೂ ತಿಂದು ಬಿಡುವ ಆಮ್ಲಗಳ ವಾಸನೆ ಅದು. ಹರೆಯದಲ್ಲಿ ಬೆವರು ಜಾಸ್ತಿ, ಅದು ಹುಡುಗನ ತಪ್ಪಲ್ಲ.

ಆದರೆ ಶೂ ಒಣಗಿಸಿ, ಸಾಕ್ಸ್ ಬದಲಿಸಿ ಎರಡು ವಾರ ಕಳೆದರೂ ವಾಸನೆ ತಗ್ಗದಿದ್ದರೆ ಅಂಗಾಲನ್ನು ಒಳ್ಳೆ ಬೆಳಕಲ್ಲಿ ನೋಡಿ. ಶೂ ಬಿಚ್ಚಿದ ಕೂಡಲೇ, ತೊಳೆಯುವ ಮೊದಲೇ ನೋಡಬೇಕು. ಹಿಮ್ಮಡಿಯಲ್ಲೋ ಬೆರಳ ಬುಡದ ದಪ್ಪ ಭಾಗದಲ್ಲೋ ಸೂಜಿಯಲ್ಲಿ ಚುಚ್ಚಿದಂತೆ ಪುಟ್ಟ ಗುಳಿಗಳು, ಸುತ್ತ ಚರ್ಮ ಬಿಳಿಚಿಕೊಂಡಿದ್ದರೆ ಅದು ಪಿಟೆಡ್ ಕೆರಟೊಲೈಸಿಸ್ ಇರಬಹುದು. ಬ್ಯಾಕ್ಟೀರಿಯಾ ಚರ್ಮದ ಮೇಲ್ಪದರವನ್ನೇ ಕರಗಿಸುತ್ತಿರುತ್ತದೆ. ಸಾಮಾನ್ಯವಾಗಿ ನೋವಿಲ್ಲ, ತುರಿಕೆಯಿಲ್ಲ, ವಾಸನೆ ಮಾತ್ರ ವಿಪರೀತ. ಹಾಗಾಗಿ ಯಾರೂ ತೋರಿಸುವುದಿಲ್ಲ. ವೈದ್ಯರು ಬರೆದುಕೊಡುವ ಆಂಟಿಬಯಾಟಿಕ್ ಕ್ರೀಮಿಗೆ ಕೆಲವೇ ವಾರಗಳಲ್ಲಿ ವಾಸಿಯಾಗುತ್ತದೆ.

ಬೆರಳ ಸಂದಿಯಲ್ಲಿ ತುರಿಕೆ, ಸಿಪ್ಪೆ, ಬಿರುಕು ಇದ್ದರೆ ಅದು ಹೆಚ್ಚಾಗಿ ಫಂಗಸ್. ಅದರ ಔಷಧಿ ಬೇರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆಸಿದ ಕ್ರೀಮು ಹಚ್ಚಬೇಡಿ. ನಾಲ್ಕು ದಿನ ಕಡಿಮೆಯಾದಂತೆ ಕಂಡು ಆಮೇಲೆ ಹರಡುತ್ತದೆ.

ಎರಡೂ ಇಲ್ಲ, ಸಾಕ್ಸ್ ಹಿಂಡುವಷ್ಟು ಬೆವರು ಮಾತ್ರ ಇದೆ ಅಂದರೆ ಅಲ್ಯೂಮಿನಿಯಂ ಕ್ಲೋರೈಡ್ ಲೋಷನ್ ಇದೆ. ರಾತ್ರಿ ಪೂರ್ತಿ ಒಣಗಿದ ಪಾದಕ್ಕೆ ಹಚ್ಚಿ ಬೆಳಗ್ಗೆ ತೊಳೆಯುವುದು. ಹಸಿ ಕಾಲಿಗೆ ಹಚ್ಚಿದರೆ ಉರಿಯುತ್ತದೆ. ವೈದ್ಯರನ್ನು ಕೇಳಿಯೇ ಶುರು ಮಾಡಿ.
– ಚರ್ಮರೋಗ ವೈದ್ಯೆ, ಮೈಸೂರು

ಲ್ಯಾಬ್ ದಿನದ ಉಪಾಯ

ನಾನು ಪಿಯುಸಿ. ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರ ಶೂ ಒಂದೇ ಕಡೆ, ಊಹಿಸಿಕೊಳ್ಳಿ ಆಂಟಿ! ತಮ್ಮನಿಗೆ ಹೇಳಿ, ಬ್ಯಾಗಿನಲ್ಲಿ ಒಂದು ಜೋಡಿ ಒಣ ಸಾಕ್ಸ್, ಒಂದು ಸಣ್ಣ ಟವೆಲ್, ಒಂದು ಜಿಪ್ ಕವರ್ ಇರಲಿ. ಊಟದ ಬಿಡುವಿನಲ್ಲಿ ಶೂ ಬಿಚ್ಚಿ ಕಾಲು ಒರೆಸಿ, ಐದು ನಿಮಿಷ ಗಾಳಿಗೆ ಬಿಟ್ಟು, ಒಣ ಸಾಕ್ಸ್ ಹಾಕಲಿ. ಬಿಚ್ಚಿದ್ದು ಕವರಿಗೆ. ಲ್ಯಾಬ್ ಊಟಕ್ಕಿಂತ ಮೊದಲಿದ್ದರೆ ಬೆಳಗಿನ ಸಣ್ಣ ಬಿಡುವಿನಲ್ಲೇ ಬದಲಿಸಲಿ. ಮನೆಗೆ ಬಂದ ಕೂಡಲೇ ಕವರ್ ಖಾಲಿ ಮಾಡಬೇಕು. ಮರೆತು ರಾತ್ರಿಯಿಡೀ ಬ್ಯಾಗಲ್ಲೇ ಬಿಟ್ಟರೆ ಪುಸ್ತಕವೂ ನಾರುತ್ತದೆ.

ಸೆಂಟು ಹೊಡೆಯುವುದು ಬೇಡ ಅನ್ನಿ. ಎರಡು ವಾಸನೆ ಸೇರಿ ಇನ್ನೂ ಬೇಗ ಸಿಕ್ಕಿಬೀಳುತ್ತಾನೆ.
– ವಿದ್ಯಾರ್ಥಿನಿ, ಹಾಸನ

ಮೇಷ್ಟ್ರ ಕಿವಿಗೆ ಹಾಕಿ

ನಾನು ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು. ತಾಯಿ ಬಂದು ಒಂದು ಮಾತು ಹೇಳಿದರೆ ಮಳೆಗಾಲಕ್ಕೆ ಸ್ಯಾಂಡಲ್ ಹಾಕಲು ಬಿಡುವ ಶಾಲೆಗಳು ಇವೆ. ಅದು ಆಗದಿದ್ದರೆ, ಆಟದ ದಿನದ ಕ್ಯಾನ್ವಾಸ್ ಶೂವನ್ನು ನಡುನಡುವೆ ಹಾಕಲು ಕೇಳಿ. ಕರಿ ಶೂಗೆ ಒಂದು ದಿನ ರಜೆ ಸಿಕ್ಕಂತಾಯಿತು, ಬೇರೆ ಖರ್ಚೂ ಇಲ್ಲ. ಕ್ಯಾನ್ವಾಸ್ ಶೂವನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆಯಲೂ ಬಹುದು. ಶನಿವಾರ ಮಧ್ಯಾಹ್ನವೇ ತೊಳೆಯಿರಿ. ಭಾನುವಾರ ಸಂಜೆ ತೊಳೆದರೆ ಸೋಮವಾರ ಹಸಿ ಶೂ ಹಾಕಿಕೊಂಡೇ ಹೋಗಬೇಕಾಗುತ್ತದೆ.
– ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು